ಏಳಡಿ ಶಾಸ್ತ್ರಿ ಆರಕ್ಕೆ ನಿಂತದ್ದು

ನಮ್ಮಣ್ಣನಿಗೆ ಜನ ಇಟ್ಟ ಅಡ್ಡಹೆಸರು ಏಳಡಿ ಶಾಸ್ತ್ರಿ. ಆಳು ಐದೂಕಾಲು ಅಡಿ ಇದ್ದರೆ ಹೆಚ್ಚು. ಮದುವೆಯಲ್ಲಿ ಸಪ್ತಪದಿಯ ಹೊತ್ತಿಗೆ ಯಾರು ಎಷ್ಟೇ ಗಡಿಯಾರ ನೋಡಿಕೊಂಡರೂ ಇವನು ಜಗ್ಗುತ್ತಿರಲಿಲ್ಲ, ಅದಕ್ಕೆ ಆ ಹೆಸರು. ಬೇರೆ ಪುರೋಹಿತರು ಏಳು ಹೆಜ್ಜೆಯನ್ನು ಒಂದೂವರೆ ನಿಮಿಷದಲ್ಲಿ ಓಡಿಸಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮಣ್ಣನಿಗೆ ಇಪ್ಪತ್ತು ನಿಮಿಷ ಬೇಕು. ಒಂದೊಂದು ಹೆಜ್ಜೆಗೂ ನಿಂತು ಅದರ ಅರ್ಥ ಹೇಳಿ, ಹುಡುಗನಿಗೂ ಹುಡುಗಿಗೂ ತಿಳಿಯಿತೇ ಎಂದು ಮುಖ ನೋಡಿ, ತಲೆಯಾಡಿಸಿದ ಮೇಲೇ ಮುಂದಿನದು. ಅಷ್ಟರಲ್ಲಿ ಅರ್ಧ ಜನ ಊಟದ ಹಾಲಿಗೆ ಜಾರಿಕೊಂಡಿರುತ್ತಿದ್ದರು.

ಪೌರೋಹಿತ್ಯ ಅವನಿಗೆ ರಜಾದಿನದ ಕೆಲಸ. ವಾರವೆಲ್ಲ ಅವನು ಒಂದು ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ತಿಕ್ಕುತ್ತಾನೆ. ಕಿಟಕಿ ಇಲ್ಲದ ಕೋಣೆ. ಒಂದು ಮೇಜು, ಒಂದು ಟ್ಯೂಬ್‌ಲೈಟು, ನೀರು ತೊಟ್ಟಿಕ್ಕುತ್ತ ತಿರುಗುವ ಸಾಣೆಯ ಚಕ್ರ. ಡಾಕ್ಟರ ಚೀಟಿ ನೋಡಿ ಗಾಜಿನ ನಡುಮಧ್ಯಕ್ಕೆ ಶಾಯಿಯ ಚುಕ್ಕೆ ಇಡುತ್ತಾನೆ, ಆ ಚುಕ್ಕೆ ಕಣ್ಣಿನ ಪಾಪೆಯ ಎದುರಿಗೇ ಬರುವ ಹಾಗೆ ಅಂಚು ತಿಕ್ಕಿ ಚೌಕಟ್ಟಿಗೆ ಕೂರಿಸುತ್ತಾನೆ. ಕೂದಲೆಳೆಯಷ್ಟು ಆಚೀಚೆ ಆದರೂ ಹಾಕಿಕೊಂಡವರಿಗೆ ತಲೆನೋವು. ಇಪ್ಪತ್ತಾರು ವರ್ಷದಲ್ಲಿ ಅವನು ಕೂರಿಸಿದ ಒಂದು ಗಾಜೂ ವಾಪಸು ಬಂದಿಲ್ಲ ಎಂದು ಅಂಗಡಿಯ ಯಜಮಾನಿ ಹೇಳುತ್ತಾಳೆ. ಆಕೆ ಹೊಗಳುವವಳಲ್ಲ, ನಂಬಬಹುದು.

ನಾನು ಅವನ ತಂಗಿ. ಪರದೆ ಹೊಲಿಯುವವಳು. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವವರಿಗೆ ಹೇಳುವಷ್ಟು ತಾಳ್ಮೆಯೂ ಇಲ್ಲ. ಆದರೆ ಸಪ್ತಪದಿ ನನಗೆ ಕಂಠಪಾಠ. ಒಂದೇ ಮನೆಯಲ್ಲಿ ಇದ್ದೆವಲ್ಲ, ಅಣ್ಣ, ಅತ್ತಿಗೆ, ನಾನು. ಮದುವೆಗೆ ಬೇಕಾದ ಸಾಮಾನೆಲ್ಲ ಕಟ್ಟಿಕೊಡುತ್ತಿದ್ದವಳು ಅತ್ತಿಗೆ. ದರ್ಭೆ, ಸಮಿತ್ತು, ತುಪ್ಪದ ಗಿಂಡಿ, ಅರಳು, ಏಳು ಸಣ್ಣ ಗುಡ್ಡೆಗೆ ಬೇಕಾಗುವ ಅಕ್ಕಿ. ಹೊರಡುವಾಗ ಅವಳು ಒಂದು ಸಲವೂ "ಬೇಗ ಬನ್ನಿ" ಎಂದದ್ದನ್ನು ನಾನು ಕೇಳಿಲ್ಲ. ಬೇಗ ಬರುವ ಆಸಾಮಿ ಅಲ್ಲವೆಂದು ಗೊತ್ತಿತ್ತು.

ಅತ್ತಿಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹನ್ನೊಂದು ದಿನ ಮಲಗಿದ್ದಳು. ಹನ್ನೆರಡನೆಯ ದಿನ ಅಣ್ಣನಿಗೆ ಮೊದಲೇ ಒಪ್ಪಿಕೊಂಡಿದ್ದ ಒಂದು ಮದುವೆ ಇತ್ತು, ಬದಲಿ ಯಾರೂ ಸಿಗಲಿಲ್ಲ. ಹಿಂದಿನ ದಿನ ಡಾಕ್ಟರು ಸ್ವಲ್ಪ ಪರವಾಗಿಲ್ಲ ಎಂದಿದ್ದರು. ಹೋಗಿ ಎಂದು ಅತ್ತಿಗೆಯೇ ಹೇಳಿದಳು. ಅವನು ಹೋದ. ಹನ್ನೊಂದೂವರೆಗೆ ನಾನು ಫೋನ್ ಮಾಡಿ ಸುದ್ದಿ ಹೇಳಿದೆ. ಅಲ್ಲಿಂದ ಬಂದವನು ಅತ್ತಿಗೆಯ ಮಂಚದ ಪಕ್ಕ ನಿಂತ, ಪಂಚೆಯಲ್ಲಿ ಇನ್ನೂ ಹೊಗೆಯ ವಾಸನೆ ಇತ್ತು. ಅಳಲಿಲ್ಲ.

ಆಮೇಲೂ ಅಳಲಿಲ್ಲ. ಕರ್ಮಗಳನ್ನೆಲ್ಲ ಮಾಡಿದ, ಅಂಗಡಿಗೆ ಹೋದ, ಬಂದ, ಉಂಡ, ಮಲಗಿದ. ದುಃಖದಲ್ಲಿದ್ದಾನೆ ಎಂದು ನೆಂಟರು ಹೇಳಿದರು. ದುಃಖವಾದರೂ ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನಿಗೆ ಏನೂ ಇರಲಿಲ್ಲ. ನೋಡಿಯೇ ಬಿಡೋಣ ಎಂದು ಒಂದು ದಿನ ಬೇಕೆಂದೇ ಅಡುಗೆಗೆ ಉಪ್ಪು ಹಾಕಲಿಲ್ಲ. ಉಂಡು ಎದ್ದ. ಮಾರನೆಯ ದಿನವೂ ಹಾಕಲಿಲ್ಲ. ಮೂರನೆಯ ದಿನ ನನಗೇ ಬಾಯಿ ಕೆಟ್ಟು ಹಾಕಿದೆ, ಅದೂ ಅವನಿಗೆ ತಿಳಿಯಲಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟಿಗೂ ಅವನು ಮುಖವೆತ್ತಲಿಲ್ಲ.

ಹೆಂಡತಿ ಹೋದ ವರ್ಷದೊಳಗೆ ಮದುವೆ ಮಾಡಿಸುವುದು ಸರಿಯಲ್ಲವೆಂದು ಅವನು ವರ್ಷ ಪೂರ್ತಿ ಒಂದನ್ನೂ ಒಪ್ಪಿಕೊಳ್ಳಲಿಲ್ಲ. ವರ್ಷ ಕಳೆದು ಒಂದು ತಿಂಗಳಿಗೆ, ಅಂಗಡಿಗೆ ಕನ್ನಡಕಕ್ಕೆ ಬರುತ್ತಿದ್ದ ಒಬ್ಬ ಹುಡುಗಿ ಬಂದು ಕೇಳಿದಳು. ಹಲ್ಲಿನ ಡಾಕ್ಟರ ಹತ್ತಿರ ನರ್ಸ್. ಹುಡುಗ ಲಿಫ್ಟ್ ರಿಪೇರಿ ಮಾಡುವವನು. "ನನಗೆ ಅರ್ಥ ಹೇಳಿ ಮದುವೆ ಮಾಡಿಸೋರೇ ಬೇಕು ಶಾಸ್ತ್ರಿಗಳೇ. ಸುಮ್ನೆ ಗೊಣಗುಟ್ಟೋರು ಬೇಡ" ಎಂದಳಂತೆ. ಅಣ್ಣ ಆಯಿತು ಎಂದ. ಯಾಕೆ ಆಯಿತು ಎಂದನೋ, ಬೇಡ ಎನ್ನುವುದಕ್ಕೂ ಸ್ವಲ್ಪ ಶಕ್ತಿ ಬೇಕಲ್ಲ.

ಸಾಮಾನು ಕಟ್ಟಿದವಳು ಈ ಸಲ ನಾನು. ಪಕ್ಕದಲ್ಲಿ ಕೂತು ಕೈಗೆ ಕೊಡುವ ಕೆಲಸವೂ ನನ್ನದೇ.

ಮದುವೆ ನಡೆದದ್ದು ಒಂದು ಬಾಡಿಗೆ ಹಾಲಿನಲ್ಲಿ. ಮೇಲೆ ನಾಲ್ಕು ಫ್ಯಾನು, ಕೆಳಗೆ ಅಗ್ನಿ. ಫ್ಯಾನು ಹಾಕಿದರೆ ಬೆಂಕಿ ಆರುತ್ತದೆ, ಆರಿಸಿದರೆ ಜನ ಬೈಯುತ್ತಾರೆ. ಈ ಜಗಳ ಪ್ರತಿ ಹಾಲಿನಲ್ಲೂ ಇದ್ದದ್ದೇ. ಹುಡುಗ ಹುಡುಗಿಯ ಕೈ ಹಿಡಿದ. ಕೈಹಿಡಿದು ಅಗ್ನಿಗೆ ಮೂರು ಸುತ್ತು ಬಂದರು, ಪ್ರತಿ ಸುತ್ತಿಗೂ ಹುಡುಗಿ ಕಲ್ಲಿನ ಮೇಲೆ ಕಾಲಿಟ್ಟಳು, ಅವಳ ಬೊಗಸೆಗೆ ಅಣ್ಣತಮ್ಮಂದಿರು ಅರಳು ಸುರಿದರು, ಅದು ಬೆಂಕಿಗೆ ಬಿತ್ತು. ಅದು ಲಾಜಾಹೋಮ. ಬಹಳ ಜನ ಆ ಸುತ್ತನ್ನೇ ಸಪ್ತಪದಿ ಎಂದುಕೊಂಡು, ಎಣಿಸಿ, ಮುಗಿಯಿತೆಂದು ಎದ್ದುಬಿಡುತ್ತಾರೆ. ಸಪ್ತಪದಿ ಅದಾದ ಮೇಲೆ. ಅದರಲ್ಲಿ ಸುತ್ತುವುದಿಲ್ಲ, ನಡೆಯುವುದು. ಅಗ್ನಿಯ ಪಕ್ಕದಿಂದ ಈಶಾನ್ಯ ದಿಕ್ಕಿಗೆ, ಸೋಲಿಲ್ಲದ ದಿಕ್ಕು ಎನ್ನುತ್ತಾರೆ ಅದನ್ನು, ಸಾಲಾಗಿ ಇಟ್ಟ ಏಳು ಅಕ್ಕಿ ಗುಡ್ಡೆಗಳ ಮೇಲೆ ಹುಡುಗಿ ಒಂದೊಂದಾಗಿ ಬಲಗಾಲು ಇಡುತ್ತಾಳೆ. ಎಡಗಾಲು ಬಂದು ಬಲಗಾಲಿನ ಪಕ್ಕ ನಿಲ್ಲಬೇಕು, ದಾಟಬಾರದು. ಹುಡುಗ ಅವಳ ಕೈ ಹಿಡಿದು ಜೊತೆಗೆ ನಡೆಯುತ್ತ ಮಾತು ಹೇಳುತ್ತಾನೆ. ಮಾತು ಅವನದು. ಪುರೋಹಿತ ಬರೀ ಹೇಳಿಕೊಡುವವನು.

"ಮೊದಲನೇ ಹೆಜ್ಜೆ ಅನ್ನಕ್ಕೆ" ಎಂದ ಅಣ್ಣ. "ಮನೇಲಿ ಅನ್ನಕ್ಕೆ ಕೊರತೆ ಬರದ ಹಾಗೆ ನೋಡ್ಕೋತೀನಿ ಅಂತ ಅವನು ಹೇಳ್ತಾ ಇದಾನೆ. ಇದ್ದದ್ದನ್ನ ಹಂಚಿ ತಿನ್ನೋಣ ಅಂತ ನೀನು ಕಾಲಿಡ್ತೀಯ."

ಹುಡುಗಿ ಕಾಲಿಟ್ಟಳು.

"ಎರಡನೇದು ಬಲಕ್ಕೆ. ಮೈಯಲ್ಲಿ ಕಸುವು, ಮನಸ್ಸಲ್ಲಿ ಧೈರ್ಯ. ಒಬ್ಬರು ಸೋತಾಗ ಇನ್ನೊಬ್ಬರು ಹೊರೋದು. ಮೂರನೇದು ಸಂಪತ್ತು ಬೆಳೀಲಿ ಅಂತ. ದುಡಿದು ಬೆಳೆಸೋದು, ಕಿತ್ಕೊಂಡು ಅಲ್ಲ. ನಾಲ್ಕನೇದು ಸುಖಕ್ಕೆ."

ನಾನು ತಲೆಯೆತ್ತಿ ನೋಡಿದೆ. ಮೊದಲೆಲ್ಲ ನಾಲ್ಕನೆಯದಕ್ಕೆ ಬಂದರೆ ಅವನ ಹತ್ತಿರ ಒಂದು ತಮಾಷೆ ಇರುತ್ತಿತ್ತು. ಗೊರಕೆ ಹೊಡೆಯುವವರ ಪಕ್ಕ ಮಲಗುವುದೂ ಸುಖ ಎಂದುಕೊಂಡರೆ ಸುಖವೇ ಎಂದು ಹೇಳಿ, ಅತ್ತಿಗೆ ಜೊತೆಗೆ ಬಂದಿದ್ದರೆ ಅವಳತ್ತ ನೋಡುತ್ತಿದ್ದ. ಜನ ನಗುತ್ತಿದ್ದರು. ಈ ಸಲ ಬರೀ ಸುಖಕ್ಕೆ ಎಂದು ಮುಂದೆ ಹೋದ. ಬಸ್ಸಿನ ನಿಲ್ದಾಣಗಳ ಹೆಸರು ಓದಿದ ಹಾಗಿತ್ತು.

"ಐದನೇದು ಸಂತಾನಕ್ಕೆ. ಮಕ್ಕಳಾದ್ರೆ ಮಕ್ಕಳಿಗೆ, ಇಲ್ಲಾಂದ್ರೆ ನಿಮ್ಮನ್ನ ನಂಬಿದೋರಿಗೆ. ಆರನೇದು ಋತುಗಳಿಗೆ. ಬಿಸಿಲು ಮಳೆ ಚಳಿ ಎಲ್ಲ ಒಟ್ಟಿಗೇ ಕಳೀತೀವಿ ಅಂತ. ಒಂದು ಋತು ಚೆನ್ನಾಗಿಲ್ಲ ಅಂತ ಯಾರೂ ಮನೆ ಬಿಟ್ಟು ಓಡಲ್ಲ."

ಹುಡುಗಿ ಆರನೆಯ ಗುಡ್ಡೆಯ ಮೇಲೆ ಕಾಲಿಟ್ಟಳು. ಎಡಗಾಲು ಬಂದು ಜೊತೆಯಾಯಿತು. ಅಣ್ಣ ಕಲಶ ತೆಗೆದುಕೊಂಡು, "ಇಬ್ಬರೂ ತಲೆ ಹತ್ತಿರ ತನ್ನಿ" ಎಂದ. ತಲೆಗೆ ತಲೆ ಸೋಕಿಸಿ ನೀರು ಚಿಮುಕಿಸಿದ. ಅದು ಏಳನೆಯ ಹೆಜ್ಜೆಯ ನಂತರ ಮಾಡುವುದು.

ಏಳನೆಯ ಗುಡ್ಡೆ ಅಲ್ಲೇ ಇತ್ತು. ಗೋಪುರದ ಹಾಗೆ ಚೂಪಾಗಿ, ಯಾರ ಕಾಲೂ ಸೋಕದೆ.

ಯಾರಿಗೂ ಗೊತ್ತಾಗಲಿಲ್ಲ. ವಿಡಿಯೋದವನು ಬ್ಯಾಟರಿ ಬದಲಿಸುತ್ತಿದ್ದ. ಹುಡುಗನ ಮಾವ ಫ್ಯಾನಿನ ಜಗಳದಲ್ಲಿದ್ದ. ಹುಡುಗಿಯ ಮೂಗಿನ ತುದಿಯಿಂದ ನೀರು ಇಳಿದು ಅವಳು ನಗುತ್ತಿದ್ದಳು. ನನಗೆ ಗೊತ್ತಾಯಿತು. ಬಾಯಿ ತೆರೆದಿದ್ದರೆ ಅರ್ಧ ನಿಮಿಷದ ಕೆಲಸ. ಅಷ್ಟು ಜನರ ಮುಂದೆ ಏಳಡಿ ಶಾಸ್ತ್ರಿಗೆ ಏಳು ಎಣಿಸಲು ಬರಲಿಲ್ಲ ಎಂದು ನಾನು ಹೇಳಲೇ? ಬೊಗಸೆಯಲ್ಲಿ ಅಕ್ಕಿ ಬಳಿದು ಚೀಲಕ್ಕೆ ಹಾಕಿಕೊಂಡೆ. ಅಲ್ಲಿಗೆ ತಪ್ಪು ನನ್ನದೂ ಆಯಿತು.

ಮನೆಗೆ ಬಂದ ಮೇಲೂ ಹೇಳಲಿಲ್ಲ. ಅವನು ಬೇಕೆಂದೇ ಬಿಟ್ಟನೋ, ಮರೆತನೋ ತಿಳಿಯಲಿಲ್ಲ. ಕೇಳಿದರೆ ಏನು ಹೊರಬೀಳುತ್ತದೋ ಎಂಬ ಹೆದರಿಕೆಯೂ ಇತ್ತು.

ಅಣ್ಣನದು ಇನ್ನೊಂದು ರೂಢಿ. ಮದುವೆಯಾದ ಮೇಲೆ ಏಳು ಹೆಜ್ಜೆಯ ಮಾತನ್ನು ಏಳು ಸಾಲಾಗಿ, ದಪ್ಪ ಕಾಗದದ ಮೇಲೆ, ತನ್ನ ಗುಂಡು ಅಕ್ಷರದಲ್ಲಿ ಬರೆದು ಅಂಚೆಯಲ್ಲಿ ಕಳಿಸುತ್ತಾನೆ. ಅದು ಅವನ ಉಡುಗೊರೆ. ಎಷ್ಟೋ ಮನೆಗಳಲ್ಲಿ ಗೋಡೆಗೆ ಅದು ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ಈ ಮದುವೆಯದನ್ನು ಬರೆಯಲು ಅವನಿಗೆ ಎರಡು ವಾರ ಬೇಕಾಯಿತು. ಕಳಿಸಿದ ನಾಲ್ಕು ದಿನಕ್ಕೆ ಹುಡುಗಿಯ ಫೋನ್ ಬಂತು. ಫೋನ್ ಸ್ಪೀಕರಿನಲ್ಲಿತ್ತು, ನಾನು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದೆ.

"ಶಾಸ್ತ್ರಿಗಳೇ, ಕಾಗದ ಬಂತು, ತುಂಬಾ ಚೆನ್ನಾಗಿದೆ. ಚೌಕಟ್ಟು ಹಾಕ್ಸೋಕೆ ಕೊಡ್ತಾ ಇದೀವಿ. ಆದ್ರೆ ಇದ್ರಲ್ಲಿ ಆರೇ ಸಾಲಿದೆ. ಏಳನೇದು ಏನು? ನಾನೇ ಬರ್ಕೋತೀನಿ, ಹೇಳಿ."

ಅಣ್ಣ ಬೆರಳು ಮಡಿಚಿ ಎಣಿಸುತ್ತಿದ್ದ.

"ನಂಗೆ ನೆನಪೇ ಆಗ್ತಿಲ್ಲ ನೋಡಿ. ಇವ್ರನ್ನ ಕೇಳಿದ್ರೆ ಇವ್ರಿಗೂ ನೆನಪಿಲ್ಲ. ಎಂಥ ಗಂಡ ಹೆಂಡ್ತಿ ನಾವು!" ಎಂದು ಅವಳು ನಕ್ಕಳು.

"ಮತ್ತೆ ಫೋನ್ ಮಾಡ್ತೀನಮ್ಮಾ" ಎಂದು ಅಣ್ಣ ಫೋನ್ ಇಟ್ಟ. ನನ್ನತ್ತ ತಿರುಗಿ, "ಪುಟ್ಟಿ, ಅವತ್ತು ಏಳನೇದು ಆಯ್ತಾ?" ಎಂದು ಕೇಳಿದ. ಅಂಗಡಿಯಲ್ಲಿ ಯಾರದೋ ಕನ್ನಡಕದ ನಂಬರ್ ಕೇಳುವಂಥ ದನಿ.

"ಇಲ್ಲ" ಎಂದೆ.

"ನೋಡಿದ್ಯಾ?"

"ನೋಡ್ದೆ."

"ಸುಮ್ನಿದ್ದೆ."

"ಸುಮ್ನಿದ್ದೆ. ಈಗೇನು? ಫೋನ್ ಮಾಡಿ ಏಳನೇ ಸಾಲು ಹೇಳಿಬಿಡು. ಬರ್ಕೋತಾಳೆ, ತೂಗು ಹಾಕ್ತಾಳೆ, ಮುಗೀತು. ಇಬ್ಬರೂ ಸುಖವಾಗಿದಾರೆ. ಯಾರ ಗಂಟು ಹೋಗುತ್ತೆ?"

"ಮದುವೆ ಆಗಿಲ್ಲ ಪುಟ್ಟಿ" ಎಂದ. "ಏಳನೇ ಕಾಲು ಊರೋವರೆಗೂ ಆಗಿಲ್ಲ. ಆರಕ್ಕೆ ನಿಂತ್ರೆ ಅವಳಿನ್ನೂ ಅವರಪ್ಪನ ಮನೆ ಹುಡುಗಿ. ನಾನು ಆಯ್ತು ಅಂತ ಅಕ್ಷತೆ ಹಾಕಿಸಿ ಕಳಿಸಿದೀನಿ."

ಆ ಮಾತನ್ನೂ ಅವನು ಗಾಬರಿಯಿಂದ ಹೇಳಲಿಲ್ಲ. ಗಾಬರಿಯಾಗುವ ಕೆಲಸವನ್ನು ಅವನ ಪಾಲಿಗೂ ಸೇರಿಸಿ ನಾನೇ ಮಾಡಿದೆ. ಹೋಗಿ ಒಪ್ಪಿಕೊಂಡರೆ ಇನ್ನು ಯಾರೂ ಕರೆಯುವುದಿಲ್ಲ, ಮೂವತ್ತು ವರ್ಷದ ಹೆಸರು ಮಣ್ಣುಪಾಲು ಎಂದು ಕೂಗಾಡಿದೆ. ಅವನು ಮೇಲೆ ಅಟ್ಟದಿಂದ ಹೋಮಕುಂಡ ಇಳಿಸಿ ಒರೆಸುತ್ತಿದ್ದ.

ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆವು. ಲಿಫ್ಟ್ ರಿಪೇರಿ ಮಾಡುವವನು ಇರುವ ಕಟ್ಟಡದಲ್ಲೇ ಲಿಫ್ಟ್ ಕೆಟ್ಟಿತ್ತು. ಕುಂಡ ಹೊತ್ತು ನಾಲ್ಕು ಮಹಡಿ ಹತ್ತುವಾಗ ನಾನು ಆ ಹುಡುಗನಿಗೆ ಹಾಕಿದ ಶಾಪ ಒಂದೆರಡಲ್ಲ. ಮನೆಯಲ್ಲಿ ಮೂವರಿದ್ದರು. ಹುಡುಗ, ಹುಡುಗಿ, ಹುಡುಗನ ತಾಯಿ. ಅಣ್ಣ ಕುರ್ಚಿಯಲ್ಲೂ ಕೂರಲಿಲ್ಲ. ನಿಂತುಕೊಂಡೇ ಹೇಳಿದ.

ಹುಡುಗ ಮೊದಲು ನಕ್ಕ. "ಅಯ್ಯೋ ಬಿಡಿ ಶಾಸ್ತ್ರಿಗಳೇ, ಆಫೀಸಲ್ಲಿ ರಿಜಿಸ್ಟರ್ ಆಗಿದೆಯಲ್ಲ. ಸಹಿ ಹಾಕಿದೀವಿ."

"ಅದು ಸರಿಯಾಗೇ ಇದೆ. ಕೆಟ್ಟಿರೋದು ನಾನು ಮಾಡ್ಸಿದ್ದು."

ತಾಯಿ ನಗಲಿಲ್ಲ. "ಮೂರು ವಾರ ಆಯ್ತು ಇವರು ಒಂದೇ ಮನೇಲಿ ಇದ್ಕೊಂಡು. ಈಗ ಬಂದು ಮದುವೆ ಆಗಿಲ್ಲ ಅಂದ್ರೆ ನಾವು ಮುಖ ಎಲ್ಲಿಟ್ಕೊಳ್ಳೋಣ? ಇನ್ನು ನಿಮ್ಮನ್ನ ಯಾರಾದ್ರೂ ಕರೀತಾರಾ?"

"ಕರೀಬಾರದು" ಎಂದ ಅಣ್ಣ.

ಬೈಯಲು ಬಂದವರ ಮುಂದೆ ತಲೆಯನ್ನೇ ಇಟ್ಟುಬಿಟ್ಟರೆ ಬೈಯುವುದು ಕಷ್ಟ. ಹುಡುಗಿ ಮಾತ್ರ, "ಬಿಟ್ಟಿದ್ದನ್ನ ಈಗ ಮಾಡಬಹುದಾ?" ಎಂದು ಕೇಳಿದಳು.

"ಮಾಡಬಹುದು. ಅವತ್ತಿನ ಅಗ್ನಿ ಉಳಿದಿಲ್ಲ. ಹೊಸದಾಗಿ ಹೊತ್ತಿಸಿ, ತಪ್ಪಿಗೆ ಪ್ರಾಯಶ್ಚಿತ್ತದ ಆಹುತಿ ಹಾಕಿ, ಒಂದರಿಂದ ನಡೀಬೇಕು. ಆರರ ಬಾಲಕ್ಕೆ ಏಳು ಅಂಟಿಸೋಕಾಗಲ್ಲ. ನಡಿಗೆ ಒಂದೇ."

ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಎದುರಿಗೆ ಕಟ್ಟಡದ ಕಾರಿಡಾರು. ಈಶಾನ್ಯಕ್ಕೆ ನಡೆಯೋಣವೆಂದರೆ ಮಂಚ ಅಡ್ಡ. ಹುಡುಗನೂ ನಾನೂ ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿದೆವು. ಅದರಡಿಯಿಂದ ಮದುವೆಯಲ್ಲಿ ಬಂದ, ಇನ್ನೂ ಬಿಚ್ಚದ ಆರು ಗೋಡೆ ಗಡಿಯಾರ ಹೊರಬಂದವು. ಕಿಟಕಿ ತೆಗೆದೆವು. ಅಕ್ಕಿ ಗುಡ್ಡೆ ಇಡುತ್ತ ಹೋದೆ. ಆರು ಕೋಣೆಯೊಳಗೆ ಹಿಡಿದವು, ಏಳನೆಯದು ಹೊಸ್ತಿಲಾಚೆ ಕಾರಿಡಾರಿಗೆ ಹೋಯಿತು. ಇರಲಿ ಎಂದ ಅಣ್ಣ.

ಅಗ್ನಿ ಹೊತ್ತಿಸಿ, ಭೂರ್ಭುವಃ ಸ್ವಃ ಎಂದು ವ್ಯಾಹೃತಿ ಹೇಳಿ, ತಪ್ಪಿದ್ದಕ್ಕೆ ತುಪ್ಪದ ಆಹುತಿ ಹಾಕಿಸಿದ. ಹುಡುಗ ಹುಡುಗಿಯ ಕೈ ಹಿಡಿದ. ಅನ್ನಕ್ಕೆ ಒಂದು. ಬಲಕ್ಕೆ ಎರಡು. ಸಂಪತ್ತಿಗೆ ಮೂರು. ಸುಖಕ್ಕೆ ನಾಲ್ಕು. ಈ ಸಲ ಹುಡುಗ ಮಾತನ್ನು ಕೇಳಿಸಿಕೊಂಡು ಹೇಳುತ್ತಿದ್ದ. ಹಾಲಿನಲ್ಲಿ ಗಿಣಿಯ ಹಾಗೆ ಒಪ್ಪಿಸಿದವನು ಇಲ್ಲಿ ಬನಿಯನ್ನಿನ ಮೇಲೆ ಉತ್ತರೀಯ ಹೊದ್ದು ಅವಳ ಮುಖ ನೋಡಿ ಹೇಳಿದ. ಸಂತಾನಕ್ಕೆ ಐದು. ಋತುಗಳಿಗೆ ಆರು. ಆರನೆಯದು ಹೊಸ್ತಿಲ ಈಚೆಗೇ ಇತ್ತು. ಹುಡುಗಿ ಮುಂದಿನದಕ್ಕೆ ಬಲಗಾಲು ಎತ್ತಿ, ಹುಡುಗನ ಕೈ ಬಿಗಿ ಹಿಡಿದು ಕಾದಳು.

ಅಣ್ಣನಿಗೆ ಬಾಯಿ ಬರಲಿಲ್ಲ.

ಸಖಾ ಸಪ್ತಪದೀ ಭವ. ಮೂರೇ ಮಾತು. ಏಳನೆಯ ಹೆಜ್ಜೆಯಿಂದ ನನ್ನ ಗೆಳತಿಯಾಗು ಎಂದು. ಸಾವಿರ ಸಲ ಹೇಳಿದ ಮಾತು. ತುಟಿ ಅಲುಗಿತು, ನಿಂತಿತು.

"ಮತ್ತೆ ಅದೇ ಆಯ್ತಲ್ಲ" ಎಂದರು ಹುಡುಗನ ತಾಯಿ.

"ನಂಗೆ ಆಗಲ್ಲಮ್ಮ" ಎಂದ ಅಣ್ಣ, ಹುಡುಗಿಯನ್ನು ನೋಡಿ. "ಹೋದ ವರ್ಷ ನಾನೊಂದು ಮದುವೆ ಮಾಡಿಸ್ತಾ ಇದ್ದಾಗ ನನ್ನ ಹೆಂಡತಿ ಹೋದ್ಲು, ಹನ್ನೊಂದು ಇಪ್ಪತ್ತಕ್ಕೆ. ಆಮೇಲೆ ಆ ಮದುವೆಯವರ ಮನೆಗೆ ಹೋಗಿ ವಿಡಿಯೋ ಹಾಕ್ಸಿ ನೋಡ್ದೆ. ಮೂಲೇಲಿ ಸಮಯ ಬರುತ್ತೆ. ಹನ್ನೊಂದು ಇಪ್ಪತ್ತಕ್ಕೆ ನಾನು ಯಾರಿಗೋ ಸ್ನೇಹ ಅಂದ್ರೇನು ಅಂತ ವಿವರಿಸ್ತಾ ಇದೀನಿ. ಕೈ ಆಡಿಸ್ಕೊಂಡು. ನಗಿಸ್ಕೊಂಡು. ಈ ಮಾತು ಇನ್ನೊಬ್ರಿಗೆ ಹೇಳ್ಕೊಡೋಕೆ ನನಗೇನು ಯೋಗ್ಯತೆ?"

ಅವನು ಆ ವಿಡಿಯೋ ನೋಡಿದ್ದು ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದು ಗೊತ್ತಿರಲಿಲ್ಲ. ನಾನೂ ಒಂದನ್ನು ಮುಚ್ಚಿಟ್ಟುಕೊಂಡಿದ್ದೆ. ಬಾಯಿ ತಡೆಯಲಿಲ್ಲ.

"ಅಣ್ಣ, ಅವತ್ತು ಹತ್ತೂವರೆಗೇ ಡಾಕ್ಟರು ಹೇಳಿದ್ರು, ಬರೋರನ್ನ ಕರೆಸಿ ಅಂತ. ಫೋನ್ ಕೈಯಲ್ಲೇ ಇತ್ತು. ಅತ್ತಿಗೆ ಗಂಟೆ ಎಷ್ಟು ಅಂದ್ಲು. ಹೇಳಿದೆ. ಈಗ ಲಾಜಾಹೋಮ ನಡೀತಾ ಇರುತ್ತೆ, ಆಮೇಲೆ ಸಪ್ತಪದಿ, ಏಳು ಮುಗೀಲಿ, ಅಲ್ಲೀವರ್ಗೂ ಫೋನ್ ಮಾಡ್ಬೇಡ ಪುಟ್ಟಿ ಅಂದ್ಲು. ಫೋನ್ ಮೇಲೆ ಕೈ ಇಟ್ಕೊಂಡ್ಲು. ಮಧ್ಯೆ ಮಧ್ಯೆ ಗಂಟೆ ಕೇಳೋಳು. ಈಗ ಮೂರನೇದು ಇರಬೇಕು, ಈಗ ಐದನೇದು ಅನ್ನೋಳು. ನಾನು ಇದ್ದಕ್ಕಿದ್ದ ಹಾಗೆ ಹೋದ್ಲು ಅಂತ ನಿಂಗೆ ಸುಳ್ಳು ಹೇಳ್ದೆ. ಐವತ್ತು ನಿಮಿಷ ಇತ್ತು."

ಕುಂಡದಲ್ಲಿ ತುಪ್ಪ ಚಟಪಟ ಎಂದಿತು. ಅಣ್ಣ ನನ್ನನ್ನು ನೋಡಿದ. ಒಂದು ವರ್ಷಕ್ಕೂ ಮೇಲಿನಿಂದ ಅವನು ನನ್ನತ್ತ ತಿರುಗುತ್ತಿದ್ದ, ಅಷ್ಟೇ. ನೋಡಿದ್ದು ಆವತ್ತು. ಹೊಡೆದರೂ ಹೊಡೆಯಲಿ ಎಂದುಕೊಂಡು ನಿಂತೆ.

"ಶಾಸ್ತ್ರಿಗಳೇ" ಎಂದಳು ಹುಡುಗಿ ಮೆಲ್ಲಗೆ, "ಕಾಲು ಜೋಮು ಹಿಡೀತಿದೆ."

ಅವಳು ಇನ್ನೂ ಒಂಟಿಕಾಲಲ್ಲಿ ನಿಂತಿದ್ದಳು. ಹುಡುಗ ಅವಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಕೆಳಗಿಡು ಎಂದು ಯಾರೂ ಹೇಳಿರಲಿಲ್ಲ, ಅವಳೂ ಇಟ್ಟಿರಲಿಲ್ಲ.

ಅಣ್ಣ ಆ ಕಾಲನ್ನು ನೋಡಿದ. ಆಮೇಲೆ ಮೂರು ಮಾತು ಹೇಳಿದ. ಒಣಗಿದ ದನಿ, ಸ್ವರವೂ ಸರಿ ಬರಲಿಲ್ಲ. ಹುಡುಗ ಹಾಗೆಯೇ ಹೇಳಿದ. ಹುಡುಗಿ ಹೊಸ್ತಿಲು ದಾಟಿ ಏಳನೆಯ ಗುಡ್ಡೆಯ ಮೇಲೆ ಕಾಲಿಟ್ಟಳು, ಎಡಗಾಲು ಪಕ್ಕಕ್ಕೆ ಬಂದು ನಿಂತಿತು.

"ಏಳನೇದು ಸ್ನೇಹಕ್ಕೆ" ಎಂದ ಅಣ್ಣ. ಎಂದಿನಂತೆ ಉದ್ದದ ವಿವರಣೆ ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಅವರ ತಲೆಗಳನ್ನು ಸೇರಿಸಿ ಕಲಶದ ನೀರು ಚಿಮುಕಿಸಿದ. "ಈಗ ಆಯ್ತು" ಎಂದು ತಾಯಿಗೆ ಹೇಳಿದ. ಆಯಮ್ಮ ಕಣ್ಣೊರೆಸಿಕೊಂಡು, ಕಾಫಿ ಕುಡಿಯದೆ ಹೋದರೆ ನೋಡಿ ಮತ್ತೆ ಎಂದು ಬೆದರಿಸಿದರು. ಹುಡುಗಿ ಆರು ಸಾಲಿನ ಕಾಗದ ತಂದಳು. ಅಣ್ಣ ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಏಳನೆಯ ಸಾಲು ಬರೆದ. ಪೆನ್ನು ಬೇರೆಯದು, ಶಾಯಿಯ ಬಣ್ಣ ಕೂಡಲಿಲ್ಲ. ಹಾಗೇ ಇರಲಿ ಎಂದಳು ಅವಳು.

ವಾಪಸು ಬಸ್ಸಿನಲ್ಲಿ ಕೂತೆವು. ಕುಂಡ ನನ್ನ ಕಾಲ ಬಳಿ ಇನ್ನೂ ಬೆಚ್ಚಗಿತ್ತು. ಬಹಳ ಹೊತ್ತು ಅವನು ಕಿಟಕಿಯಾಚೆ ನೋಡುತ್ತಿದ್ದ. ಹರಿದ ಸೀಟಿನಿಂದ ಸ್ಪಂಜು ಕೀಳುತ್ತ ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬೈದರೆ ಒಳ್ಳೆಯದಿತ್ತು.

"ನೀನು ಅವತ್ತು ಫೋನ್ ಮಾಡಿದ್ದಿದ್ರೆ..." ಎಂದ.

"ತಪ್ಪಾಯ್ತಣ್ಣ."

"ಕೇಳು. ಮಾಡಿದ್ದಿದ್ರೆ ನಾನು ಬರ್ತಿರ್ಲಿಲ್ಲ. ಅಗ್ನಿ ಹೊತ್ತಿಸಿದ ಮೇಲೆ ನಾನು ಅರ್ಧಕ್ಕೆ ಎದ್ದು ಬರೋನಲ್ಲ. ಏಳು ಮುಗಿಸಿ ಬರ್ತೀನಿ, ಇರೋಕೆ ಹೇಳು ಅಂತಿದ್ದೆ. ಸಾಯೋಳಿಗೆ, ಇರೋಕೆ ಹೇಳು ಅಂತ." ಅವನು ಕೈಗಳನ್ನು ನೋಡಿಕೊಂಡ. "ಅವಳಿಗೆ ಗೊತ್ತಿತ್ತು ಪುಟ್ಟಿ. ನಾನು ಆ ಮಾತು ಆಡಬಾರದು ಅಂತಾನೇ ಅವಳು ಫೋನ್ ಮೇಲೆ ಕೈ ಇಟ್ಟದ್ದು."

ನನಗೆ ಇದು ಒಂದು ವರ್ಷದಲ್ಲಿ ಒಂದು ದಿನವೂ ಹೊಳೆದಿರಲಿಲ್ಲ. ಅಲ್ಲ ಎಂದು ಹೇಳಲು ನೋಡಿದೆ. ಬರಲಿಲ್ಲ. ಅವನು ಹೇಳಿದ್ದು ನಿಜ, ಅವನನ್ನು ನನಗೂ ಗೊತ್ತು. ಅವನು ಆಗಲೂ ಅಳಲಿಲ್ಲ. ಬಸ್ಸು ನಮ್ಮ ನಿಲ್ದಾಣದಲ್ಲಿ ನಿಂತಿತು, ಜನ ಇಳಿದರು, ಹತ್ತಿದರು. ಇಬ್ಬರಿಗೂ ಇಳಿಯಬೇಕೆಂದು ಗೊತ್ತಿತ್ತು. ಇಬ್ಬರೂ ಕೂತೇ ಇದ್ದೆವು.